ಅರ್ಧ ರೊಪ್ಪ

ಕುರಿಯ ಚಿತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವ ಮೇಷ್ಟರು ಕಡೂರು ತಾಲ್ಲೂಕಿನಲ್ಲಿ ಇರಲಿಲ್ಲ ಎಂದು ನಾನೇ ಹೇಳಿಕೊಂಡರೆ ನೀವು ನಗಬಾರದು. ಬೇರೆ ಯಾರೂ ಹೇಳದಿದ್ದ ಮೇಲೆ ನಾನೇ ಹೇಳಿಕೊಳ್ಳಬೇಕಲ್ಲ. ಉಣ್ಣೆಯ ಸುರುಳಿ, ಜೋಲು ಕಿವಿ, ಮೂತಿಯ ಮೇಲಿನ ಆ ಪೆಚ್ಚುತನ, ಎಲ್ಲ ನನ್ನ ಪೆನ್ಸಿಲ್ಲಿಗೆ ಒಲಿದಿದ್ದವು. ಒಲಿಯದೆ ಏನು, ಯಗಟಿಯ ಆಚೆ ಇದ್ದ ನಮ್ಮ ಹಟ್ಟಿಯ ಶಾಲೆಯ ಕಿಟಕಿಯಿಂದ ದಿನವಿಡೀ ಕಾಣುತ್ತಿದ್ದದ್ದು ಕುರಿಯೇ.

ಎಪ್ಪತ್ತೆಂಟನೆಯ ಇಸವಿಯ ಮಾತು. ಶಾಲೆಯಲ್ಲಿ ನಾವಿಬ್ಬರೇ ಉಪಾಧ್ಯಾಯರು. ತರೀಕೆರೆಯ ಓಂಕಾರಮೂರ್ತಿಯಾದ ನಾನು ಹೆಸರಿಗೆ ಹೆಡ್ಮಾಸ್ಟರ್. ಅಜ್ಜಂಪುರದ ವಿಶಾಲಾಕ್ಷಮ್ಮ ನಿಜವಾಗಿ ಶಾಲೆ ನಡೆಸುತ್ತಿದ್ದವರು. ಅವರ ತಂದೆಯದು ಅಜ್ಜಂಪುರದಲ್ಲಿ ಕಿರಾಣಿ ಅಂಗಡಿ. ತೂಕದಲ್ಲಿ ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಸಹಿಸದ ಗುಣವನ್ನು ಅವರು ಅಲ್ಲಿಂದಲೇ ತಂದಿದ್ದರು. ನನಗೂ ಅವರಿಗೂ ದಿನಕ್ಕೊಂದು ಜಗಳ. ಅದಿಲ್ಲದಿದ್ದರೆ ನನಗೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ.

ಇನ್ಸ್‌ಪೆಕ್ಟರು ಬರುತ್ತಾರೆ, ನಾಲ್ಕನೇ ತರಗತಿಗೆ ಒಂದು ಮಾದರಿ ಪಾಠ ಮಾಡಿ ತೋರಿಸಬೇಕು ಎಂದು ಕಡೂರಿನಿಂದ ಸುದ್ದಿ ಬಂತು. ವಿಶಾಲಾಕ್ಷಮ್ಮ ಚಿತ್ರನಕ್ಷೆಯ ಪಾಠ ಆರಿಸಿಕೊಂಡರು. ಅಂಕಿಯನ್ನು ಚಿತ್ರದಲ್ಲಿ ತೋರಿಸುವುದು, ಒಂದೊಂದು ಚಿತ್ರವೂ ಹಲವನ್ನು ಪ್ರತಿನಿಧಿಸುವುದು, ಅದೇ ಪಾಠ.

"ಪುಸ್ತಕದಲ್ಲಿ ಕಾರು, ವಿಮಾನ ಕೊಟ್ಟಿದ್ದಾರೆ ಸಾರ್. ನಮ್ಮ ಮಕ್ಕಳು ವಿಮಾನ ಎಲ್ಲಿ ಕಂಡಾವು? ಅವರ ಮನೆ ಕುರೀನೇ ತಗೊಳ್ಳೋಣ" ಎಂದರು.

"ಕುರಿ ನಾನು ಬರೀತೀನಿ" ಎಂದು ನಾನು ಅವರ ಮಾತು ಮುಗಿಯುವುದರೊಳಗೇ ಒಪ್ಪಿಕೊಂಡೆ.

ಮಕ್ಕಳನ್ನು ಕೇಳಿ ಲೆಕ್ಕ ತೆಗೆದುಕೊಂಡೆವು. ಚಿಕ್ಕಬೀರಪ್ಪನ ಮನೆಯಲ್ಲಿ ನಲವತ್ತು, ಸಣ್ಣಬೀರಪ್ಪನಲ್ಲಿ ಇಪ್ಪತ್ತೆಂಟು, ತಿಮ್ಮಪ್ಪನಲ್ಲಿ ಹದಿನಾರು, ದೇವೀರಪ್ಪನಲ್ಲಿ ಹತ್ತು. ಕೊನೆಯ ಸಾಲಿನಲ್ಲಿ ಕೂತಿದ್ದ ಹುಚ್ಚಮ್ಮ ಎದ್ದು ನಿಂತು, ಎರಡು ಬೆರಳು ಮೇಲೆತ್ತಿ, "ನಮ್ಮನೇಲಿ ಎಲ್ಡು. ಕರೀದು ಒಂದು, ಬಿಳೀದು ಒಂದು" ಎಂದಳು. ಅವಳಿಗೆ ಅಜ್ಜಿ ಹನುಮಂತಮ್ಮನನ್ನು ಬಿಟ್ಟರೆ ಯಾರೂ ಇರಲಿಲ್ಲ. ತರಗತಿಯಲ್ಲಿ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದವಳು ಅವಳೊಬ್ಬಳೇ. ಆದ್ದರಿಂದ ವಿಶಾಲಾಕ್ಷಮ್ಮನಿಗೆ ಅವಳ ಮೇಲೆ ಒಂದು ಪಾಲು ಪ್ರೀತಿ ಹೆಚ್ಚು. ಅದನ್ನು ಮುಚ್ಚಿಡುತ್ತಿದ್ದೇನೆ ಎಂದು ಅವರು ನಂಬಿದ್ದರು.

ಮೊದಲು ನಾನು ಒಂದು ಕುರಿಗೆ ಒಂದು ಚಿತ್ರದಂತೆ ಬರೆಯಹೊರಟೆ. ಚಿಕ್ಕಬೀರಪ್ಪನ ಮಂದೆ ಕಾಲು ಭಾಗ ಮುಗಿಯುವುದರೊಳಗೆ ಡ್ರಾಯಿಂಗ್ ಶೀಟಿನ ಅಂಚು ಬಂತು. ಆಮೇಲೆ ಉಪಾಯ ಮಾಡಿ, ಅವನಿಗೆ ಒಂದು ದೊಡ್ಡ ಕುರಿ, ದೇವೀರಪ್ಪನಿಗೆ ಒಂದು ಚಿಕ್ಕ ಕುರಿ ಬರೆದೆ.

"ಇದೇನ್ರೀ ಸಾರ್? ಮಕ್ಕಳು ಇದನ್ನ ನೋಡಿ ಚಿಕ್ಕಬೀರಪ್ಪನ ಕುರಿ ಆನೆಯಷ್ಟಿದೆ ಅಂದ್ಕೋತಾರೆ. ಎಲ್ಲ ಚಿತ್ರಾನೂ ಒಂದೇ ಅಳತೇಲಿರ್ಬೇಕು. ಸಂಖ್ಯೆ ಹೆಚ್ಚಾದ್ರೆ ಚಿತ್ರ ಹೆಚ್ಚಾಗ್ಬೇಕು, ಚಿತ್ರ ದಪ್ಪ ಆಗ್ಬಾರ್ದು" ಎಂದು ರಬ್ಬರ್ ತೆಗೆದು ಆ ದೊಡ್ಡ ಕುರಿಯನ್ನು ಅಳಿಸಿಯೇಬಿಟ್ಟರು. ಅಷ್ಟು ಚೆಂದದ ಕುರಿ. ನನಗೆ ಹೊಟ್ಟೆ ಉರಿಯಿತು.

ಕೊನೆಗೆ ಒಂದು ಚಿತ್ರ ಹತ್ತು ಕುರಿಗೆ ಸಮ ಎಂದು ತೀರ್ಮಾನವಾಯಿತು. ಪುಸ್ತಕದಲ್ಲೂ ಹತ್ತೇ ಇತ್ತು. ಚಿಕ್ಕಬೀರಪ್ಪನಿಗೆ ನಾಲ್ಕು ಕುರಿ, ದೇವೀರಪ್ಪನಿಗೆ ಒಂದು. ಸಣ್ಣಬೀರಪ್ಪನ ಇಪ್ಪತ್ತೆಂಟನ್ನು ಮೂವತ್ತು ಅಂದುಕೊಂಡು ಮೂರು. ತಿಮ್ಮಪ್ಪನ ಹದಿನಾರನ್ನು ಹದಿನೈದಕ್ಕಿಳಿಸಿ ಒಂದೂವರೆ. ಹನುಮಂತಮ್ಮನ ಎರಡು ಮಾತ್ರ ಅರ್ಧ ಚಿತ್ರಕ್ಕೂ ಬಹಳ ಕಡಿಮೆಯಾಯಿತು. ಬರೆದರೆ ಮೂತಿಯ ತುದಿ ಮಾತ್ರ ಬರೆಯಬೇಕು. ಅಂದಾಜಿನ ನಿಯಮದಂತೆ ವಿಶಾಲಾಕ್ಷಮ್ಮ ಆ ಸಾಲನ್ನು ಖಾಲಿ ಬಿಡಿಸಿದರು.

ಮರುದಿನ ಶೀಟನ್ನು ಗೋಡೆಗೆ ತಗುಲಿ ಹಾಕಿ, ಮಕ್ಕಳು ಏನನ್ನುತ್ತಾರೋ ನೋಡೋಣ ಎಂದು ನಿಂತೆವು. ನನ್ನ ಕುರಿಗಳನ್ನು ಹೊಗಳಲಿ ಎಂದು ನಾನು ಕಾದಿದ್ದೆ. ತಿಮ್ಮಪ್ಪನ ಮಗ ಮಲ್ಲಿಕಾರ್ಜುನ ತನ್ನ ಮನೆಯ ಸಾಲನ್ನು ನೋಡಿ ಕೂಗಿಕೊಂಡ.

"ಸಾ, ನಮ್ಮ ಕುರಿ ಯಾರು ಕೊಯ್ದ್ರು ಸಾ?"

ನಾನು ಅರ್ಧ ಕುರಿಯನ್ನು ತಲೆಯ ಕಡೆಯಿಂದ ಬರೆದು ಹೊಟ್ಟೆಯ ಹತ್ತಿರ ನಿಲ್ಲಿಸಿದ್ದೆ. ನನ್ನ ಮನೆಯಲ್ಲಾಗಲಿ ವಿಶಾಲಾಕ್ಷಮ್ಮನ ಮನೆಯಲ್ಲಾಗಲಿ ಮೊಟ್ಟೆ ಕೂಡ ಹೊಸಿಲು ದಾಟಿದ್ದಿಲ್ಲ. ಅರ್ಧ ಕುರಿ ಎಂದರೆ ನಮ್ಮ ಕಣ್ಣಿಗೆ ಅರ್ಧ ಚಿತ್ರ, ಅಷ್ಟೇ. ಆ ಮಕ್ಕಳ ಕಣ್ಣಿಗೆ ಅದು ಹಬ್ಬದ ದಿನದ ಪಾಲು.

"ತಲೆ ನಿಮಗೆ ಬಂದೈತೆ ಕಣ್ಲಾ, ಹಿಂದಿನ ತೊಡೆ ಯಾರಿಗೋಯ್ತು?"

"ಸಣ್ಣಬೀರಪ್ಪನೋರಿಗೆ ಹೋಗಿರ್ತೈತೆ. ಅವ್ರಿಗೆ ಎಲ್ಡು ಜಾಸ್ತಿ ಬಂದೈತಲ್ಲ!"

"ಕರುಳು?"

ವಿಶಾಲಾಕ್ಷಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ನಕ್ಕರೋ ಹೇಸಿದರೋ ಇವತ್ತಿಗೂ ಹೇಳಿಲ್ಲ. ಈ ಗದ್ದಲದಲ್ಲಿ ಹುಚ್ಚಮ್ಮ ಗೋಡೆಯ ಹತ್ತಿರ ಹೋಗಿ, ಅಜ್ಜಿಯ ಹೆಸರಿನ ಮುಂದಿದ್ದ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದ್ದು ನನಗೆ ಕಂಡಿತು. ಆಮೇಲೆ ಹಿಂದೆ ಹೋಗಿ ಕೂತಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಹನುಮಂತಮ್ಮನ ಮನೆಗೆ ಹೋದೆವು. ಮನೆಯ ಪಕ್ಕದಲ್ಲೇ ಅವಳ ರೊಪ್ಪ. ರೊಪ್ಪವೆಂದರೆ ರಾತ್ರಿ ಕುರಿ ಕೂಡುವುದಕ್ಕೆ ಮುಳ್ಳಿನ ಬೇಲಿ ಹಾಕಿ ಮಾಡಿದ ದುಂಡನೆಯ ಆವರಣ. ಹನುಮಂತಮ್ಮನ ಗಂಡ ಇದ್ದ ಕಾಲಕ್ಕೆ ಅದು ತುಂಬಿರುತ್ತಿತ್ತಂತೆ. ಈಗ ನಡುವೆ ಒಂದು ತಡಿಕೆ ಅಡ್ಡ ಕಟ್ಟಿ, ಅರ್ಧದಲ್ಲಿ ಸೌದೆ ಒಟ್ಟಿಕೊಂಡು, ಇನ್ನರ್ಧದಲ್ಲಿ ಎರಡು ಕುರಿ ಕಟ್ಟಿದ್ದಳು. ಹುಚ್ಚಮ್ಮ ಅವುಗಳಿಗೆ ಸೊಪ್ಪು ಹಾಕುತ್ತಿದ್ದವಳು ನಮ್ಮನ್ನು ಕಂಡು ತಡಿಕೆಯ ಹಿಂದೆ ಸರಿದಳು.

"ಮಗೂನ ಯಾಕೆ ಕಳಿಸ್ಲಿಲ್ಲ ಹನುಮಂತಮ್ಮ?" ಎಂದು ವಿಶಾಲಾಕ್ಷಮ್ಮ ಕೇಳಿದರು.

"ಕುರಿ ಮೇಯ್ಸಾಕೆ ಆಳು ಬೇಕಲ್ಲ ತಾಯಿ. ಕರೀದು ಬೇರೆ ಗಬ್ಬ ಆಗೈತೆ."

"ಇಷ್ಟು ದಿನ ನೀವೇ ಮೇಯಿಸ್ತಿದ್ರಲ್ಲ?"

ಮುದುಕಿ ಕೂತಲ್ಲಿಂದಲೇ ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನಮ್ಮನೇಲಿ ಕುರೀನೇ ಇಲ್ಲ ಅಂತ ಇಸ್ಕೂಲಾಗೆ ಬರ್ದು ಹಾಕಿದೀರಂತೆ. ಈ ಮಗೀಗೆ ಎಲ್ರೂ 'ನಿಮ್ ಕುರಿ ತೋಳ ತಿಂತಾ' ಅಂತ ಆಡ್ಕೊಂಡ್ರಂತೆ. ಇಸ್ಕೂಲಿಗೆ ಕಾಣ್ದಿರೋ ಕುರೀನ ಮನೇಲಿ ಒಬ್ರಾದ್ರೂ ಕಣ್ಣಿಟ್ಟು ನೋಡ್ಬೇಕಲ್ವಾ ತಾಯಿ? ಅದಕ್ಕೇ ಇಟ್ಕೊಂಡೆ. ಇನ್ನು ಮೇಲೆ ಬರಾಕಿಲ್ಲ ಬಿಡಿ, ಓದಿದ್ದು ಸಾಕು."

"ಅದು ಅಂದಾಜು ಹನುಮಂತಮ್ಮ. ಒಂದು ಚಿತ್ರ ಅಂದ್ರೆ ಹತ್ತು ಕುರಿ. ಎರಡು ಅಂದ್ರೆ..." ವಿಶಾಲಾಕ್ಷಮ್ಮನ ದನಿ ಅಲ್ಲಿಗೇ ನಿಂತಿತು. ಎರಡು ಅಂದರೆ ಏನೂ ಇಲ್ಲ ಎಂದು ಆ ಮುದುಕಿಯ ಎದುರು, ಆ ಎರಡು ಕುರಿಗಳ ಎದುರು ಹೇಳುವುದಕ್ಕೆ ಅವರಿಂದಾಗಲಿಲ್ಲ. "ನಿಮ್ಮ ಕುರಿ ಗೋಡೆ ಮೇಲೆ ಕಾಣೋ ಹಾಗೆ ಬರೀತೀನಿ. ಕಂಡ್ರೆ ಮಗೂನ ಕಳಿಸ್ತೀರಾ?" ಎಂದು ಕೇಳಿದರು.

"ನಾನೇ ಬಂದು ನೋಡ್ತೀನಿ. ಕಂಡ್ರೆ ಕಳಿಸ್ತೀನಿ."

ದಾರಿಯಲ್ಲಿ ನಾನು ಸಮಾಧಾನ ಹೇಳಹೋದೆ. "ಆ ಸಾಲಿನಲ್ಲಿ ಒಂದು ಕುರಿ ಬರೆದುಬಿಡ್ತೀನಿ ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಆಗ ಅವಳಿಗೂ ದೇವೀರಪ್ಪನಷ್ಟೇ ಹತ್ತು ಕುರಿ ಅಂತಾಗುತ್ತೆ. ಹುಚ್ಚಮ್ಮನಿಗೇ ಮೊದಲು ಗೊತ್ತಾಗುತ್ತೆ. ಇಲ್ಲದ ಎಂಟು ಕುರಿ ಕೊಟ್ಟು ಅವಳನ್ನ ಕರ್ಕೊಂಡು ಬರ್ಲಾ?" ಎಂದು ನನ್ನ ಮೇಲೆ ರೇಗಿದರು. ಅವರ ಕಣ್ಣು ತುಂಬಿತ್ತು.

ಶಾಲೆಯ ಜಗಲಿಯಲ್ಲಿ ಕೂತು ಅವರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಭಾಗಾಕಾರ ಶುರುಮಾಡಿದರು. ಒಂದು ಚಿತ್ರಕ್ಕೆ ಐದು ಅಂದರೆ ಇಪ್ಪತ್ತೆಂಟೂ ಹದಿನಾರೂ ಸರಿಯಾಗಿ ಕೂರುವುದಿಲ್ಲ, ಎರಡಂತೂ ಅರ್ಧಕ್ಕೂ ಬಾರದು. ಎರಡು ಅಂದರೆ ಎಲ್ಲ ಸರಿಯಾಗುತ್ತದೆ, ಚಿಕ್ಕಬೀರಪ್ಪನಿಗೆ ಮಾತ್ರ ಇಪ್ಪತ್ತು ಚಿತ್ರ ಬೇಕು, ಶೀಟು ಸಾಲದು. ಆಮೇಲೆ ನಾಲ್ಕರಿಂದ ಭಾಗಿಸಿದರು. ನಲವತ್ತಕ್ಕೆ ಹತ್ತು, ಇಪ್ಪತ್ತೆಂಟಕ್ಕೆ ಏಳು, ಹದಿನಾರಕ್ಕೆ ನಾಲ್ಕು, ಹತ್ತಕ್ಕೆ ಎರಡೂವರೆ, ಎರಡಕ್ಕೆ ಅರ್ಧ. ಯಾರದನ್ನೂ ಹೆಚ್ಚಿಸಬೇಕಾಗಿಲ್ಲ, ಇಳಿಸಬೇಕಾಗಿಲ್ಲ.

"ಪುಸ್ತಕದಲ್ಲಿ ಹತ್ತು ಇದೆ ಅಂತ ಕಣ್ಣು ಮುಚ್ಚಿ ಹತ್ತು ಹಾಕ್ದೆ ನೋಡಿ" ಎಂದು ತಮ್ಮ ಹಣೆಯನ್ನೇ ಚಚ್ಚಿಕೊಂಡರು. ಹಣೆಯ ತುಂಬ ಸುಣ್ಣ.

"ಸರಿ, ಹನುಮಂತಮ್ಮನಿಗೆ ಅರ್ಧ ಕುರಿ ಬರೀತೀನಿ" ಎಂದೆ.

"ಮತ್ತೆ ಕೊಯ್ತೀರಾ? ಅದೂ ಗಬ್ಬದ ಕುರೀನ?"

ಅದೂ ಸರಿಯೇ. ಕುರಿಯನ್ನು ಎಲ್ಲಿ ಅರ್ಧ ಮಾಡಿದರೂ ಆ ಮಕ್ಕಳಿಗೆ ಮಾಂಸವೇ ಕಾಣುತ್ತದೆ. ಕಾಲು ಭಾಗ ಮಾಡಿದರಂತೂ ಕೇಳುವುದೇ ಬೇಡ. ಚಿತ್ರ ಎಂಥದಿರಬೇಕೆಂದರೆ ಅರ್ಧ ಮಾಡಿದರೂ ಯಾರಿಗೂ ನೋವಾಗಬಾರದು, ಎರಡು ಅರ್ಧವೂ ಸಮವಾಗಿರಬೇಕು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಬ್ಬರ ತಲೆಯಲ್ಲೂ ಇದ್ದದ್ದು ಹನುಮಂತಮ್ಮನ ಮನೆಯ ಆ ತಡಿಕೆ.

"ರೊಪ್ಪ" ಎಂದರು ವಿಶಾಲಾಕ್ಷಮ್ಮ. "ದುಂಡಗಿದೆ, ಅರ್ಧ ಆಗುತ್ತೆ, ಕಾಲೂ ಆಗುತ್ತೆ. ಒಂದು ರೊಪ್ಪ ಅಂದ್ರೆ ನಾಲ್ಕು ಕುರಿ."

ಹಾಗೆ ನನ್ನ ಕುರಿಗಳೆಲ್ಲ ಹೋಗಿ ಬರೀ ವೃತ್ತಗಳಾದವು. ಇಷ್ಟು ವರ್ಷದ ಕೈಚಳಕ ಒಂದು ದುಂಡನೆಯ ಗೆರೆಗೆ ಇಳಿಯಿತಲ್ಲ ಎಂದು ನಾನು ಗೊಣಗಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಹನುಮಂತಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ಬಂದು, ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ತಾನು ಒಳಗೆ ಬರದೆ ಕಿಟಕಿಯ ಹೊರಗೆ ನಿಂತಳು. ವಿಶಾಲಾಕ್ಷಮ್ಮ ಕರಿಹಲಗೆಯ ಮೇಲೆ ರೊಪ್ಪಗಳನ್ನು ಬರೆದು, ಒಂದೊಂದರೊಳಗೂ ನಾಲ್ಕು ನಾಲ್ಕು ಚುಕ್ಕೆ ಇಟ್ಟಿದ್ದರು. ಕೊನೆಯ ಸಾಲಿನಲ್ಲಿ ಅರ್ಧ ರೊಪ್ಪ, ಅದರೊಳಗೆ ಎರಡು ಚುಕ್ಕೆ. ಮಕ್ಕಳು ಚುಕ್ಕೆ ಎಣಿಸಿದರು. ಎಲ್ಲರ ಕುರಿಯೂ ಸರಿ ಬಂತು. ಮಲ್ಲಿಕಾರ್ಜುನ ತನ್ನ ಹದಿನಾರನ್ನು ಎರಡು ಸಲ ಎಣಿಸಿ, ತೊಡೆ ವಾಪಸು ಬಂತು ಎಂದು ಸಾರಿದ.

ಆಮೇಲೆ ಅವರು ಬಟ್ಟೆ ತೆಗೆದುಕೊಂಡು ಚುಕ್ಕೆಗಳನ್ನೆಲ್ಲ ಒರೆಸಿಬಿಟ್ಟರು. ಕಿಟಕಿಯ ಹೊರಗೆ ಮುದುಕಿ "ಅಯ್ಯೋ!" ಎಂದಳು.

"ಕುರಿ ಎಲ್ಲಿ ಹೋದ್ವು ಹುಚ್ಚಮ್ಮ?" ಎಂದು ಟೀಚರು ಕೇಳಿದರು.

ಹುಚ್ಚಮ್ಮ ಬಾಗಿಲಲ್ಲೇ ನಿಂತು ಹಲಗೆಯನ್ನು ನೋಡಿದಳು. "ಎಲ್ಲೂ ಹೋಗಿಲ್ಲ. ರೊಪ್ಪದೊಳಗೇ ಮಲಗವೆ."

"ನಿಮ್ಮನೇದು?"

"ಅರ್ಧ ರೊಪ್ಪ. ಅದ್ರಾಗೆ ಎಲ್ಡು ಮಲಗವೆ" ಎಂದವಳು ತಾನಾಗಿಯೇ ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು. ಮುದುಕಿ ಕಿಟಕಿ ಬಿಟ್ಟು ಹೋದಳು. ವಿಶಾಲಾಕ್ಷಮ್ಮ ಹಲಗೆಯ ಕಡೆ ತಿರುಗಿಕೊಂಡು, ಒರೆಸಿದ್ದನ್ನೇ ಇನ್ನಷ್ಟು ಹೊತ್ತು ಒರೆಸುತ್ತ ನಿಂತರು.

ಶೀಟಿನ ಮೇಲೆ ಎಲ್ಲ ರೊಪ್ಪವೂ ಒಂದೇ ಅಳತೆಯಲ್ಲಿ ಬರಬೇಕಲ್ಲ. ವಿಶಾಲಾಕ್ಷಮ್ಮ ತಮ್ಮ ಬಳೆ ಇಟ್ಟು ನೋಡಿದರು. ಹತ್ತು ರೊಪ್ಪ ಒಂದು ಸಾಲಿನಲ್ಲಿ ಇಕ್ಕಟ್ಟಾಯಿತು. ಹುಚ್ಚಮ್ಮ ತನ್ನ ಪುಟ್ಟ ಗಾಜಿನ ಬಳೆ ಕಳಚಿ ಕೊಟ್ಟಳು. ಅದು ಅಳತೆ ಮಾಡಿಸಿದಂತೆ ಕೂತಿತು. ಬಳೆ ಇಟ್ಟು ಪೆನ್ಸಿಲ್ ತಿರುಗಿಸಿ, ಮೇಲೆ ಶಾಯಿ ತೀಡುವ ಕೆಲಸ ನನ್ನದು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: ಸೂಚನೆ, ಒಂದು ರೊಪ್ಪ = ನಾಲ್ಕು ಕುರಿ.

ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ಚಿಕ್ಕಬೀರಪ್ಪ ಬಂದ. ಮೊದಲ ನಕ್ಷೆ ತಗುಲಿಸಿದ್ದಾಗಲೂ ಅವನು ಬಂದಿದ್ದ. ಕುರಿಯ ಲೆಕ್ಕವನ್ನು ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆ ಎಂಬ ಭಯದವನು ಅವನು. ಅವತ್ತು ನಾಲ್ಕೇ ಚಿತ್ರ ಕಂಡು, "ನಾಕೇ ಅಲ್ವಾ, ಇರ್ಲಿ ಬಿಡಿ ಮೇಷ್ಟ್ರೇ" ಎಂದು ಸಂತೋಷದಿಂದ ಹೋಗಿದ್ದ. ಇವತ್ತು ಹತ್ತು ರೊಪ್ಪ ಕಂಡು ಎದೆ ಮೇಲೆ ಕೈ ಇಟ್ಟುಕೊಂಡ.

"ಹತ್ತು ರೊಪ್ಪ! ಊರಿಗೆಲ್ಲ ಡಂಗುರ ಹೊಡೆದ್ಬಿಟ್ರಲ್ಲ ಟೀಚರಮ್ಮೋರೆ. ಮುತ್ತಾತನ ಕಾಲದಾಗೂ ನಮಗೆ ಹತ್ತು ರೊಪ್ಪ ಇರ್ಲಿಲ್ಲ."

"ಕುರಿ ಅಷ್ಟೇ ಕಣಪ್ಪ, ನಲವತ್ತೇ. ಚಿತ್ರದ ಬೆಲೆ ಕಮ್ಮಿ ಆಯ್ತು, ಅದಕ್ಕೆ ಚಿತ್ರ ಜಾಸ್ತಿ ಬಂತು" ಎಂದು ಅವರು ಎಷ್ಟು ಬಿಡಿಸಿ ಹೇಳಿದರೂ ಅವನ ಕಣ್ಣು ಆ ಉದ್ದನೆಯ ಸಾಲಿನಿಂದ ಕದಲಲಿಲ್ಲ. ಕೊನೆಗೆ ರಾಜಿಯಾಯಿತು. ಅವನ ಸಾಲಿನ ಕೊನೆಯಲ್ಲಿ ಒಂದು ದೃಷ್ಟಿಬೊಟ್ಟು ಇಡಬೇಕು. ಲೆಕ್ಕದ ನಕ್ಷೆಯಲ್ಲಿ ಅರ್ಥವಿಲ್ಲದ ಗುರುತು ಇರಬಾರದು ಎಂದು ವಿಶಾಲಾಕ್ಷಮ್ಮ ಅರ್ಧ ಗಂಟೆ ಹಟ ಹಿಡಿದರು. ನಾನು ಶಾಯಿ ಅದ್ದಿ ಬೊಟ್ಟು ಇಟ್ಟುಬಿಟ್ಟೆ. ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿ, ಪೆನ್ನು ಕಿತ್ತುಕೊಂಡು ಸೂಚನೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಕಪ್ಪು ಬೊಟ್ಟು = ಸೊನ್ನೆ ಕುರಿ.

ಇನ್ಸ್‌ಪೆಕ್ಟರು ಬಂದ ದಿನ ಹುಚ್ಚಮ್ಮ ತಡವಾಗಿ ಬಂದಳು. ಲಂಗದ ತುಂಬ ಹುಲ್ಲು, ಕೈಗೆ ಕೆಸರು. ಪಾಠ ಆಗಲೇ ಶುರುವಾಗಿತ್ತು. ಇನ್ಸ್‌ಪೆಕ್ಟರು ಎತ್ತರದ ಮನುಷ್ಯ, ಕಡೂರಿನ ಬಸ್ಸಿನಲ್ಲಿ ನಿಂತುಕೊಂಡು ಬಂದು ಸುಸ್ತಾಗಿದ್ದರು. ಆದರೂ ನಕ್ಷೆಯ ಹತ್ತಿರ ಹೋಗಿ ಒಂದೊಂದು ಸಾಲನ್ನೂ ಓದಿದರು. ಸೊನ್ನೆ ಕುರಿಯ ಸಾಲಿಗೆ ಬಂದಾಗ ಅವರ ಮೀಸೆ ಅಲುಗಿತು.

"ಇದೇನ್ರಿ ಇದು?"

"ದೃಷ್ಟಿಬೊಟ್ಟು ಸಾ" ಎಂದು ಚಿಕ್ಕಬೀರಪ್ಪನ ಮಗಳು ತೀರ್ಥಮ್ಮ ಹೆಮ್ಮೆಯಿಂದ ಹೇಳಿದಳು. ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ.

ಅವರು ಮುಂದೆ ಹೋದರು. "ದೇವೀರಪ್ಪನ ಮನೇಲಿ ಎಷ್ಟು?" "ಎಲ್ಡೂವರೆ ರೊಪ್ಪ, ಹತ್ತು ಕುರಿ ಸಾ." "ಹನುಮಂತಮ್ಮನ ಮನೇಲಿ?" "ಅರ್ಧ ರೊಪ್ಪ, ಎಲ್ಡು ಕುರಿ!" ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು.

"ತಪ್ಪು" ಎಂದಳು ಹುಚ್ಚಮ್ಮ.

ವಿಶಾಲಾಕ್ಷಮ್ಮನ ಮುಖ ಬಿಳಿಚಿಕೊಂಡಿತು. ಹುಡುಗಿ ನಮ್ಮಿಬ್ಬರ ಕಡೆ ನೋಡಲೇ ಇಲ್ಲ. ನೇರವಾಗಿ ನಕ್ಷೆಯ ಹತ್ತಿರ ಬಂದು, ಕೈಯ ಕೆಸರನ್ನು ಲಂಗಕ್ಕೆ ಒರೆಸಿಕೊಂಡು, ಬಳೆ ಕಳಚಿದಳು. ಮೇಜಿನ ಮೇಲಿದ್ದ ನನ್ನ ಪೆನ್ಸಿಲ್ ತೆಗೆದುಕೊಂಡಳು. ಅಜ್ಜಿಯ ಸಾಲಿನ ಅರ್ಧ ರೊಪ್ಪದ ಮೇಲೆ ಬಳೆಯನ್ನು ಗೆರೆಗೆ ಗೆರೆ ಕೂಡುವಂತೆ ಒತ್ತಿ ಹಿಡಿದು, ಬಲಗಡೆ ಮೇಲ್ಭಾಗದಲ್ಲಿ ಮಾತ್ರ ಪೆನ್ಸಿಲ್ ತಿರುಗಿಸಿದಳು. ಬಳೆ ತೆಗೆದು ನಡುವಿನಿಂದ ಬಲಕ್ಕೆ ಒಂದು ಅಡ್ಡಗೆರೆ ಎಳೆದಳು. ಅರ್ಧದ ಪಕ್ಕಕ್ಕೆ ಒಂದು ಕಾಲು ಭಾಗ ಬಂದು ಸೇರಿತು.

"ಬೆಳಿಗ್ಗೆ ಕರೀದು ಮರಿ ಹಾಕ್ತು" ಎಂದಳು. "ಈಗ ಮುಕ್ಕಾಲು ರೊಪ್ಪ. ಮೂರು ಕುರಿ."

ಇನ್ಸ್‌ಪೆಕ್ಟರು ಬಗ್ಗಿ ಅವಳ ಮುಖದ ಮಟ್ಟಕ್ಕೆ ಬಂದರು. "ಮರಿ ಇನ್ನೂ ಇಷ್ಟೇ ಇಷ್ಟಿರುತ್ತಲ್ಲಮ್ಮ. ಅದಕ್ಕೂ ದೊಡ್ಡ ಕುರಿಯಷ್ಟೇ ಜಾಗ ಕೊಟ್ಟಿದ್ದೀಯ. ಸ್ವಲ್ಪ ಚಿಕ್ಕದು ಬರೀಬೇಕಾಗಿತ್ತಲ್ವಾ?"

"ಊಂಹೂಂ ಸಾ. ಮರಿ ಚಿಕ್ಕದು, ಆದ್ರೂ ಪೂರಾ ಒಂದು ಐತೆ."

ಅವರು ಆ ಕಾಲು ಭಾಗವನ್ನು ಸ್ವಲ್ಪ ಹೊತ್ತು ನೋಡಿ, ನೆಟ್ಟಗೆ ನಿಂತು, ವಿಶಾಲಾಕ್ಷಮ್ಮನಿಗೆ ಕೈ ಮುಗಿದರು. ಟೀಚರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಈ ಸಲ ನಗುವೋ ಅಳುವೋ ಎಂದು ನಾನು ಕೇಳಬೇಕಾಗಿರಲಿಲ್ಲ. ನನಗೂ ಅದೇ ಆಗಿತ್ತು.

ಕಿಟಕಿಯ ಹೊರಗಿನಿಂದ ದನಿ ಬಂತು. ಹನುಮಂತಮ್ಮ ಆ ಹಸಿ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಯಾವಾಗಲೋ ಬಂದು ನಿಂತಿದ್ದಳು.

"ಟೀಚರಮ್ಮೋರೆ, ಬಿಳೀದೂ ಗಬ್ಬ ಆಗೈತೆ. ಆ ಇನ್ನೊಂದು ಮೂಲೇನ ಖಾಲಿ ಬಿಟ್ಟಿರಿ ತಾಯಿ."

"ಬಿಟ್ಟಿರ್ತೀನಿ ಹನುಮಂತಮ್ಮ" ಎಂದು ವಿಶಾಲಾಕ್ಷಮ್ಮ ಒಪ್ಪಿಕೊಂಡರು.